ಗೆಳತಿಯ ಅಂಡಮಾನ್ ಪ್ಲಾನ್‌ಗೆ ಒಲ್ಲೆ ಅನ್ನುವ ಪತ್ರ

ಪ್ರಶ್ನೆ: ನಾವು ಆರು ಜನ ಗೆಳತಿಯರು, ತುಮಕೂರಿನಲ್ಲಿ ಪಿಯುಸಿ ಒಟ್ಟಿಗೆ ಓದಿದವರು. ನಾನು ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ನಾವೆಲ್ಲ ಪುಟ್ಟಿ ಅಂತ ಕರೆಯುವ ಗೆಳತಿ ಬೆಂಗಳೂರಿನಲ್ಲಿ ಒಳ್ಳೇ ಕೆಲಸದಲ್ಲಿದ್ದಾಳೆ. ಜನವರಿಯಲ್ಲಿ ಎಲ್ಲರೂ ಅಂಡಮಾನ್‌ಗೆ ಹೋಗೋಣ, ಸ್ಕೂಬಾ ಮಾಡೋಣ ಅಂತ ಪ್ಲಾನ್ ಹಾಕಿದ್ದಾಳೆ. ತಲೆಗೆ 48 ಸಾವಿರ. ಇನ್ನು ಹತ್ತು ದಿನದಲ್ಲಿ 15 ಸಾವಿರ ಅಡ್ವಾನ್ಸ್ ಕಟ್ಟಬೇಕಂತೆ. ನನ್ನ ಕೈಲಿ 12 ಸಾವಿರದ ಮೇಲೆ ಆಗುವುದಿಲ್ಲ. ಇನ್ನಿಬ್ಬರದ್ದೂ ಇದೇ ಕಥೆ, ಆದರೆ ಅವರು ಬಾಯಿ ಬಿಡುತ್ತಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ ನನಗೂ ಬಾಯಿ ಬರುವುದಿಲ್ಲ. ಅವಳಿಗೆ ಬೇಜಾರಾಗದ ಹಾಗೆ ಪತ್ರ ಬರೆಯುವುದು ಹೇಗೆ? ಅದರ ಬದಲು ದೇವರಾಯನದುರ್ಗಕ್ಕೋ ಮಧುಗಿರಿ ಬೆಟ್ಟಕ್ಕೋ ಹೋಗೋಣ ಅನ್ನಬಹುದಾ?

ಉತ್ತರ: ನಿಮ್ಮ ಕೊನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ದೇವರಾಯನದುರ್ಗ ಬೇಡ. ಜಾಗ ಚೆನ್ನಾಗಿಲ್ಲ ಅಂತಲ್ಲ. ತುಮಕೂರಿನವರಿಗೆ ಅದು ಹದಿನೈದು ಕಿಲೋಮೀಟರ್. ಭಾನುವಾರ ಮಕ್ಕಳನ್ನು ಕರೆದುಕೊಂಡು ನಾಮದ ಚಿಲುಮೆಯ ಜಿಂಕೆ ತೋರಿಸಿ, ಬುತ್ತಿ ಬಿಚ್ಚಿ ಊಟ ಮಾಡಿ, ಸಂಜೆಗೆ ಮನೆ ಸೇರುವ ಜಾಗ. ಅಂಡಮಾನ್ ಅಂದವಳಿಗೆ ದೇವರಾಯನದುರ್ಗ ಅಂದರೆ, ನೀವು ಎಷ್ಟೇ ಪ್ರೀತಿಯಿಂದ ಬರೆದಿದ್ದರೂ, ಅವಳ ಪ್ಲಾನನ್ನು ಆಡಿಕೊಂಡ ಹಾಗೆ ಕೇಳಿಸುತ್ತದೆ. ಮಧುಗಿರಿಯದು ಬೇರೆ ತೊಂದರೆ. ಆ ಬಂಡೆ ಹತ್ತುವುದು ಸುಲಭದ ಕೆಲಸವಲ್ಲ. ಮೇಲೆ ಹೋದ ಹಾಗೆ ಮೆಟ್ಟಿಲು ಹೋಗಿ ಬರೀ ಇಳಿಜಾರು ಬಂಡೆ ಉಳಿಯುತ್ತದೆ. ಆರು ಜನರಲ್ಲಿ ಇಬ್ಬರು ಅರ್ಧಕ್ಕೇ ಕೂತುಬಿಡುತ್ತಾರೆ.

ಇಂಥ ಪತ್ರದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. 'ಆಗುವುದಿಲ್ಲ' ಅನ್ನುವ ಮಾತನ್ನು ಮೆತ್ತಗೆ ಹೇಳುವುದು ಹೇಗೆ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಬದಲಿ ಜಾಗವನ್ನು ಮಾತ್ರ ಬಾಯಿಗೆ ಬಂದದ್ದನ್ನು ಬರೆದುಬಿಡುತ್ತಾರೆ. ನನ್ನ ಕೇಳಿದರೆ ಬೇಜಾರಾಗುವುದು ಇಲ್ಲ ಅಂದದ್ದಕ್ಕಲ್ಲ, ಆ ಬದಲಿ ಜಾಗಕ್ಕೆ. ಆದ್ದರಿಂದ ಪೆನ್ನು ಹಿಡಿಯುವ ಮೊದಲು ಅವಳ ಪ್ಲಾನನ್ನು ಇನ್ನೊಂದು ಸಲ ಓದಿ. ಅದರಲ್ಲಿ ಅವಳಿಗೆ ನಿಜಕ್ಕೂ ಬೇಕಾಗಿರುವುದು ಯಾವುದು? ವಿಮಾನವಾ, ದ್ವೀಪವಾ, ಫೋಟೋವಾ? ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ: ಸ್ಕೂಬಾ. ಸಮುದ್ರದ ಒಳಗೆ ಇಳಿಯಬೇಕು, ಆರೂ ಜನ ಒಟ್ಟಿಗಿರಬೇಕು. ಇವೆರಡನ್ನೂ ಉಳಿಸಿಕೊಂಡು ಖರ್ಚು ಇಳಿಸುವ ಜಾಗ ನಮ್ಮ ರಾಜ್ಯದಲ್ಲೇ ಇದೆ. ಮುರುಡೇಶ್ವರ. ಅಲ್ಲಿಂದ ದೋಣಿಯಲ್ಲಿ ಒಂದು, ಒಂದೂವರೆ ಗಂಟೆ ಹೋದರೆ ನೇತ್ರಾಣಿ ದ್ವೀಪ. ಅಲ್ಲಿ ಸ್ಕೂಬಾ ಮಾಡಿಸುತ್ತಾರೆ. ಈಜು ಬರದವರನ್ನೂ ತರಬೇತುದಾರರು ಜೊತೆಗೇ ಇದ್ದು ಇಳಿಸುತ್ತಾರೆ. ಮಳೆಗಾಲದಲ್ಲಿ ಸಮುದ್ರ ಒರಟಾಗಿರುವುದರಿಂದ ನಿಲ್ಲಿಸಿರುತ್ತಾರೆ, ಜನವರಿಗೆ ಆ ತೊಂದರೆ ಇಲ್ಲ.

ಇನ್ನು ಲೆಕ್ಕ. ಪತ್ರದಲ್ಲಿ 'ಕಡಿಮೆ ಖರ್ಚಿನಲ್ಲಿ ಆಗುತ್ತದೆ' ಅಂತ ಬರೆದರೆ ಯಾರೂ ನಂಬುವುದಿಲ್ಲ. ತಲೆಗೆ ಇಷ್ಟು ಅಂತ ಬರೆಯಬೇಕು, ಅದಕ್ಕೆ ಮೊದಲು ನೀವೇ ಕೂತು ಲೆಕ್ಕ ಹಾಕಬೇಕು. ನಾನು ಹಾಕಿದ್ದು ಹೀಗಿದೆ.

ಮೈಸೂರಿನಿಂದ ಹೊರಟು ಬೆಂಗಳೂರು, ತುಮಕೂರಿನ ಮೇಲೆ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಇದೆ. ಪುಟ್ಟಿ ಬೆಂಗಳೂರಿನಲ್ಲಿ ಹತ್ತಬಹುದು. ನೀವೆಲ್ಲ ನಡುರಾತ್ರಿಯ ಹೊತ್ತಿಗೆ ತುಮಕೂರಿನಲ್ಲಿ ಹತ್ತಿ, ಬೆಳಗ್ಗೆ ತಾಳಗುಪ್ಪದಲ್ಲಿ ಇಳಿಯಬಹುದು. ಸ್ಲೀಪರ್‌ಗೆ ಹೋಗಿಬರಲು ತಲೆಗೆ ಸುಮಾರು 600 ಇಟ್ಟುಕೊಳ್ಳಿ. ಪುಟ್ಟಿಯ ಟಿಕೆಟ್ ಬೇರೆ ಮಾಡಿಸಿ. ಒಂದೇ ಟಿಕೆಟ್‌ನಲ್ಲಿ ಆರೂ ಜನರನ್ನು ಬೆಂಗಳೂರಿನಿಂದ ಹಾಕಿಸಿ ನೀವು ತುಮಕೂರಿನಲ್ಲಿ ಹತ್ತಿದರೆ, ಅಷ್ಟರಲ್ಲಿ ನಿಮ್ಮ ಬರ್ತ್ ಬೇರೆಯವರಿಗೆ ಹೋಗಿರಬಹುದು. ತಾಳಗುಪ್ಪದಿಂದ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರಕ್ಕೆ ಬಸ್ಸು, ಅಲ್ಲಿಂದ ಮುರುಡೇಶ್ವರ ಹತ್ತಿರವೇ. ಕೆಂಪು ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ದುಡ್ಡಿಲ್ಲ. ಆದರೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ನಿಮ್ಮ ಗುಂಪಿನಲ್ಲಿ ಯಾರನ್ನಾದರೂ ಹಿಂದೂಪುರದ ಕಡೆಗೆ ಮದುವೆ ಮಾಡಿಕೊಟ್ಟಿದ್ದು, ಆಧಾರ್ ಅಲ್ಲಿನ ವಿಳಾಸಕ್ಕೆ ಬದಲಾಗಿದ್ದರೆ ಅವರು ಟಿಕೆಟ್ ತೆಗೆದುಕೊಳ್ಳಬೇಕಾಗುತ್ತದೆ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಇದು ಮಾಮೂಲಿ. ಕಂಡಕ್ಟರ್ ಮುಂದೆ ಅವರಿಗೆ ಮುಜುಗರ ಆಗುವುದಕ್ಕಿಂತ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ದಿನಕ್ಕೆ 2 ಸಾವಿರದ ಹಾಗೆ ಮೂರು ರೂಮು, ಎರಡು ರಾತ್ರಿ. ಆರು ಜನ ಹಂಚಿಕೊಂಡರೆ ತಲೆಗೆ 2 ಸಾವಿರ. ಊಟ ತಿಂಡಿಗೆ ದಿನಕ್ಕೆ 600ರಂತೆ ಮೂರು ದಿನಕ್ಕೆ 1,800. ಆಟೋ, ಕಾಫಿ, ಅದು ಇದು ಅಂತ 600. ಅಲ್ಲಿಗೆ 5 ಸಾವಿರ. ಸ್ಕೂಬಾಗೆ 6 ಸಾವಿರ ಇಟ್ಟುಕೊಳ್ಳಿ. ಒಟ್ಟು 11. ನಿಮ್ಮ 12 ಸಾವಿರದ ಒಳಗೇ ಬಂತು. ರೂಮಿನ ರೇಟು, ಸ್ಕೂಬಾ ರೇಟು ಎರಡನ್ನೂ ಪತ್ರ ಬರೆಯುವ ಮುಂಚೆ ಫೋನ್ ಮಾಡಿ ಕೇಳಿ, ನನ್ನ ಅಂದಾಜಿನ ಜಾಗದಲ್ಲಿ ಅವರು ಹೇಳಿದ ಅಂಕಿ ಹಾಕಿ. 26ರ ರಜೆಗೆ ತಾಗಿಕೊಂಡ ದಿನಗಳಾದರೆ ರೂಮಿನ ರೇಟು ಏರಿಬಿಡುತ್ತದೆ. ಅದಕ್ಕೆ ಒಂದು ವಾರ ಆಚೆ ಈಚೆ ಇಟ್ಟುಕೊಳ್ಳಿ.

ಸ್ಕೂಬಾ ಖರ್ಚನ್ನು ಬೇರೆಯಾಗಿಯೇ ತೋರಿಸಿ ಅನ್ನುವುದಕ್ಕೆ ಕಾರಣ ಇದೆ. ಬಾಯಿ ಬಿಡದ ಆ ಇಬ್ಬರಲ್ಲಿ ಒಬ್ಬರಿಗೆ 5 ಸಾವಿರವೇ ಮಿತಿ ಇರಬಹುದು. ಇನ್ನೊಬ್ಬರಿಗೆ ಆಸ್ತಮಾ ಇರಬಹುದು. ನೀರಿಗಿಳಿಸುವ ಮುಂಚೆ ಆರೋಗ್ಯದ ಫಾರಂ ತುಂಬಿಸಿಕೊಳ್ಳುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಮೂರ್ಛೆ ಇದ್ದವರು, ಬಸುರಿಯರು ಇಳಿಯುವಂತಿಲ್ಲ. ಲೆಕ್ಕ ಎರಡು ಭಾಗವಾಗಿದ್ದರೆ ಅಂಥವರು ಸುಮ್ನೆ ದಡದಲ್ಲಿ ಕೂತರೂ ಪ್ರವಾಸ ತಪ್ಪುವುದಿಲ್ಲ, ಯಾಕೆ ಇಳಿಯಲಿಲ್ಲ ಅಂತ ಯಾರಿಗೂ ಹೇಳಬೇಕಾಗಿಯೂ ಇಲ್ಲ.

ಈಗ ಪತ್ರಕ್ಕೆ ಬರೋಣ. ಗುಂಪಿಗೆ ಹಾಕಬೇಡಿ, ಪುಟ್ಟಿಗೊಬ್ಬಳಿಗೇ ಕಳಿಸಿ. ಗುಂಪಿನಲ್ಲಿ ಹಾಕಿದರೆ ಐದು ಜನರ ಎದುರಿಗೆ ಅವಳು ಉತ್ತರ ಕೊಡಬೇಕಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಅಂದರೆ, ಬಾಯಿ ಬಿಡದ ಇಬ್ಬರೂ ಕೂಡಲೇ 'ನನಗೂ ಆಗಲ್ಲ' ಅಂತ ಸೇರಿಕೊಳ್ಳುತ್ತಾರೆ. ಒಂದೇ ನಿಮಿಷದಲ್ಲಿ ಅವಳ ಪ್ಲಾನ್ ಮುರಿದುಬಿತ್ತು, ಮುರಿದವರು ನೀವು ಅಂತಾಗುತ್ತದೆ. ಪತ್ರ ಅವಳೊಬ್ಬಳ ಕೈ ಸೇರಿದರೆ, ಮುಂದೆ ಗುಂಪಿಗೆ ಏನು ಹೇಳಬೇಕು ಅನ್ನುವುದು ಅವಳಿಗೇ ಬಿಟ್ಟದ್ದು. 'ನಾನೇ ಯೋಚನೆ ಮಾಡಿದೆ, ಮುರುಡೇಶ್ವರ ಆಗಬಹುದು' ಅಂತ ಅವಳೇ ಹೇಳಿಕೊಂಡರೂ ನಿಮಗೇನು ನಷ್ಟ?

ಕಾಗದದಲ್ಲಿ ಬರೆದರೂ ಸರಿ, ಫೋನಿನಲ್ಲಿ ಬರೆದರೂ ಸರಿ. ಫೋನಾದರೆ ಪೂರ್ತಿ ಬರೆದು ಒಂದೇ ಸಲ ಕಳಿಸಿ. ಎರಡೆರಡು ಸಾಲಾಗಿ ಕಳಿಸುತ್ತಾ ಹೋದರೆ 'ಬರೋಕೆ ಆಗಲ್ಲ' ಅನ್ನುವ ಸಾಲು ಓದಿದ ಕೂಡಲೇ ಅವಳು ಫೋನ್ ಮಾಡುತ್ತಾಳೆ. ಮುರುಡೇಶ್ವರದ ಸಾಲು ನಿಮ್ಮ ಬೆರಳಿನಲ್ಲೇ ಉಳಿಯುತ್ತದೆ. ಅಡ್ವಾನ್ಸ್ ಕಟ್ಟಲು ಹತ್ತು ದಿನ ಇದೆ ಅಂದಿರಿ. ಇವತ್ತೋ ನಾಳೆಯೋ ಕಳಿಸಿ. ಒಂಬತ್ತನೇ ದಿನ ಬರೆದ ಪತ್ರ ಎಷ್ಟೇ ನಯವಾಗಿದ್ದರೂ ಅದು ಕೈಕೊಟ್ಟ ಪತ್ರವೇ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಅಂಡಮಾನ್ ಪ್ಲಾನ್ ಪೂರ್ತಿ ಓದಿದೆ. ಆರು ಜನರ ರಜೆ ಹೊಂದಿಸುವುದಕ್ಕೆ ನೀನು ಎಷ್ಟು ಫೋನ್ ಮಾಡಿದ್ದೀಯ ಅಂತ ನನಗೆ ಗೊತ್ತು. ನಮ್ಮಲ್ಲಿ ಬೇರೆ ಯಾರೂ ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ನಾನು ಅಂಡಮಾನ್‌ಗೆ ಬರುವುದಕ್ಕೆ ಆಗುವುದಿಲ್ಲ ಕಣೇ. ಈ ವರ್ಷ ಪ್ರವಾಸಕ್ಕೆ ಅಂತ ನಾನು ಎತ್ತಿಡಲು ಆಗುವುದು 12 ಸಾವಿರ. ಅದರ ಮೇಲೆ ಸಾಲ ಮಾಡಿಯೋ, ಯಾರ ಹತ್ತಿರವಾದರೂ ಇಸಕೊಂಡೋ ಬರುವುದು ನನಗೆ ಬೇಡ. ನೀನು ಅಡ್ವಾನ್ಸ್ ಕಟ್ಟುವ ಮುಂಚೆ ತಿಳಿಯಲಿ ಅಂತ ಈಗಲೇ ಬರೆಯುತ್ತಿದ್ದೇನೆ. ನನ್ನ ಹೆಸರು ಬಿಟ್ಟು ಲೆಕ್ಕ ಹಾಕು.

ಆದರೆ ನೀನು ಸ್ಕೂಬಾ ಅಂದಾಗಿನಿಂದ ನನಗೂ ಆಸೆ ಹತ್ತಿದೆ. ವಿಚಾರಿಸಿ ನೋಡಿದೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಕರೆದುಕೊಂಡು ಹೋಗಿ ಸ್ಕೂಬಾ ಮಾಡಿಸುತ್ತಾರಂತೆ. ಗುರುವಾರ ರಾತ್ರಿ ತಾಳಗುಪ್ಪ ರೈಲು, ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಮುರುಡೇಶ್ವರ, ಶನಿವಾರ ಬೆಳಗ್ಗೆ ಸಮುದ್ರ, ಭಾನುವಾರ ಊಟ ಮುಗಿಸಿ ಹೊರಟರೆ ಸೋಮವಾರ ಬೆಳಗಿನ ಜಾವ ತುಮಕೂರು. ರೈಲು, ರೂಮು, ಊಟ ಸೇರಿ ತಲೆಗೆ 5 ಸಾವಿರ. ಸ್ಕೂಬಾ ಮಾಡುವವರಿಗೆ ಇನ್ನೊಂದು 6 ಸಾವಿರ. ಅಂಡಮಾನ್‌ನಷ್ಟು ದೊಡ್ಡದಲ್ಲ, ಅದು ನನಗೂ ಗೊತ್ತು.

ನಿನಗೆ ಇದು ಸರಿ ಅನ್ನಿಸಿದರೆ ರೂಮು, ಟಿಕೆಟ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಗುಂಪಿಗೆ ನೀನೇ ಹೇಳು. ಅಂಡಮಾನ್‌ಗೇ ಹೋಗುವುದು ಅಂತಾದರೂ ಖಂಡಿತ ಹೋಗಿಬನ್ನಿ, ನನಗೆ ಬೇಜಾರಿಲ್ಲ. ಬಂದಮೇಲೆ ಮಾತ್ರ ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರಬೇಕು.

ಬುಧವಾರದೊಳಗೆ ಒಂದು ಮಾತು ತಿಳಿಸು. ರೈಲಿನ ಟಿಕೆಟ್ ಬೇಗ ಮುಗಿದುಹೋಗುತ್ತದೆ.

ಇಂತಿ ನಿನ್ನ ಪ್ರೀತಿಯ,
(ಅವಳು ನಿಮ್ಮನ್ನು ಕರೆಯುವ ಹೆಸರು)

ಪತ್ರ ಇಷ್ಟೇ. ಇದರಲ್ಲಿ ಏನಿಲ್ಲ ಅನ್ನುವುದನ್ನು ಸ್ವಲ್ಪ ನೋಡಿ. 'ಮನೇಲಿ ಒಪ್ಪಲ್ಲ' ಅಂತ ಇಲ್ಲ. ನಮ್ಮ ಹೆಣ್ಣುಮಕ್ಕಳು ಇಲ್ಲ ಅನ್ನಬೇಕಾದಾಗ ಮೊದಲು ಗಂಡನನ್ನೋ ಅತ್ತೆಯನ್ನೋ ಮುಂದೆ ನಿಲ್ಲಿಸುತ್ತಾರೆ. ಆಮೇಲೆ ಏನಾಗುತ್ತದೆ ಗೊತ್ತಲ್ವಾ? ಪುಟ್ಟಿ ನೇರ ನಿಮ್ಮ ಯಜಮಾನರಿಗೇ ಫೋನ್ ಮಾಡಿ 'ಭಾವ, ಒಂದೇ ಒಂದು ವಾರ ಕಳಿಸಿಕೊಡಿ' ಅನ್ನುತ್ತಾಳೆ. ಅವರು ಪಾಪ, ಏನೂ ಗೊತ್ತಿಲ್ಲದೆ 'ಧಾರಾಳವಾಗಿ ಹೋಗಿಬರಲಿ' ಅಂದುಬಿಡುತ್ತಾರೆ. ಈಗ ನಿಮಗೆ ಕಾರಣವೂ ಇಲ್ಲ, ಮರ್ಯಾದೆಯೂ ಇಲ್ಲ. 'ಆ ವಾರ ಮದುವೆ ಇದೆ' ಅನ್ನುವುದೂ ಹಾಗೇ. ಸರಿ, ಮುಂದಿನ ವಾರ ಇಟ್ಟುಕೊಳ್ಳೋಣ ಅಂದರೆ ಏನು ಮಾಡುತ್ತೀರಿ? ಸುಳ್ಳು ಕಾರಣಕ್ಕೆ ಪರಿಹಾರ ಹುಡುಕುವುದು ಗೆಳತಿಗೆ ಸುಲಭ. 12 ಸಾವಿರ ಅನ್ನುವ ಅಂಕಿಯನ್ನು ಅವಳು ಬದಲಾಯಿಸಲು ಆಗುವುದಿಲ್ಲ.

'ತುಂಬಾ ದುಬಾರಿ' ಅನ್ನುವ ಮಾತೂ ಇಲ್ಲ. ದುಬಾರಿ ಅಂದರೆ ಅವಳ ಆಯ್ಕೆಯ ಮೇಲೆ ತೀರ್ಪು ಕೊಟ್ಟ ಹಾಗೆ. ಅವಳು ಕೂಡಲೇ 'ಬೇರೆ ಕಡೆ 60 ಸಾವಿರ ಹೇಳಿದರು, ಇದೇ ಕಡಿಮೆ' ಅಂತ ವಾದಕ್ಕೆ ಇಳಿಯುತ್ತಾಳೆ. ಅವಳು ಹೇಳುವುದು ನಿಜವೂ ಇರಬಹುದು. ನಿಮ್ಮ ಮಿತಿ ಇಷ್ಟು ಅಂದರೆ ವಾದ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಹಾಗಂತ ಆ ಮಿತಿ ಯಾಕೆ ಅಂತ ಶಾಲೆಯ ಸಂಬಳ, ಮನೆ ಸಾಲ, ಮಗಳ ಫೀಸು ಎಲ್ಲ ಬಿಡಿಸಿ ಹೇಳಬೇಡಿ. ಒಂದು ಸಾಲು ಸಾಕು. ಜಾಸ್ತಿ ವಿವರಿಸಿದರೆ ಅವಳಿಗೆ ಅಯ್ಯೋ ಅನ್ನಿಸುತ್ತದೆ, ತಾನೇ ದುಡ್ಡು ಹಾಕುತ್ತೇನೆ ಅನ್ನುತ್ತಾಳೆ.

ಆ ಇಬ್ಬರ ಸುದ್ದಿ ಪತ್ರದಲ್ಲಿ ಇಲ್ಲ. ಇದು ಕಷ್ಟ, ಗೊತ್ತು. 'ನನಗೊಬ್ಬಳಿಗೇ ಅಲ್ಲ, ಅವರಿಗೂ ಆಗಲ್ಲ' ಅಂತ ಬರೆಯಲು ಕೈ ತುರಿಸುತ್ತದೆ, ಬಲ ಬಂದ ಹಾಗೆ ಅನ್ನಿಸುತ್ತದೆ. ಆದರೆ ಅದನ್ನು ಓದಿದ ಪುಟ್ಟಿಗೆ ಕಾಣುವುದು ಒಂದೇ: ನನ್ನ ಬೆನ್ನ ಹಿಂದೆ ಮೂವರೂ ಕೂತು ಮಾತಾಡಿಕೊಂಡಿದ್ದಾರೆ. ಅವರು ನಿಮ್ಮ ಹತ್ತಿರ ನಂಬಿ ಹೇಳಿದ್ದನ್ನು ನೀವು ಹೊರಗೆ ಹಾಕಿದ ಹಾಗೂ ಆಯಿತು. ನಿಮ್ಮ ಪತ್ರ ನಿಮ್ಮೊಬ್ಬರದೇ ಆಗಿರಲಿ. ಮುರುಡೇಶ್ವರದ ಮಾತು ಗುಂಪಿಗೆ ಬಂದರೆ ಅವರಿಬ್ಬರೂ ತಾವಾಗಿಯೇ ಹೂಂ ಅನ್ನುತ್ತಾರೆ.

'ಆಗುವುದಿಲ್ಲ' ಅನ್ನುವುದು ಎರಡನೇ ಪ್ಯಾರಾದ ಮೊದಲ ಸಾಲಿನಲ್ಲೇ ಬಂದಿದೆ. ಅದನ್ನು ಕೊನೆಗೆ ತಳ್ಳಬೇಡಿ. 'ನೋಡೋಣ', 'ಪ್ರಯತ್ನ ಮಾಡುತ್ತೇನೆ' ಅಂತ ಸೇರಿಸಲೂ ಬೇಡಿ. ನಾವು ನೋಡೋಣ ಅಂದರೆ ಇಲ್ಲ ಅಂತಲೇ ಲೆಕ್ಕ, ಆದರೆ ಪ್ಲಾನ್ ಹಾಕುವ ಹುಮ್ಮಸ್ಸಿನಲ್ಲಿ ಇರುವವರು ಅದನ್ನು ಹೂಂ ಅಂತಲೇ ಓದಿ ನಿಮ್ಮ ಹೆಸರಿನಲ್ಲಿ ಸೀಟು ಹಿಡಿಸುತ್ತಾರೆ. ಆಮೇಲೆ ಆ 15 ಸಾವಿರ ಯಾರದು ಅನ್ನುವ ಜಗಳ.

ಇನ್ನೊಂದು ಸಣ್ಣ ವಿಷಯ. ಶನಿವಾರ ಸ್ಕೂಬಾ, ಭಾನುವಾರ ವಾಪಸ್ಸು ಅಂತ ಸುಮ್ನೆ ಬರೆದಿಲ್ಲ. ನೀರಿನ ಆಳಕ್ಕೆ ಹೋಗಿಬಂದವರು ಕೂಡಲೇ ಎತ್ತರದ ಜಾಗಕ್ಕೆ ಹೋಗಬಾರದು. ಡೈವ್ ಮಾಡಿ 18 ಗಂಟೆಯಾದರೂ ಕಳೆಯದೆ ವಿಮಾನ ಹತ್ತಬೇಡಿ ಅನ್ನುವುದೂ ಇದೇ ಕಾರಣಕ್ಕೆ. ಮುರುಡೇಶ್ವರದಿಂದ ತಾಳಗುಪ್ಪಕ್ಕೆ ಬರುವುದು ಅಂದರೆ ಘಟ್ಟ ಹತ್ತುವುದೇ. ಭಾನುವಾರ ಬೆಳಗ್ಗೆ ಸ್ಕೂಬಾ ಮುಗಿಸಿ ಮಧ್ಯಾಹ್ನ ಬಸ್ಸು ಹತ್ತೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಜೋಗ ದಾರಿಯಲ್ಲೇ ಇದೆಯಲ್ಲ ಅಂತ ಪತ್ರದಲ್ಲಿ ಸೇರಿಸುವ ಆಸೆಯಾಗಬಹುದು, ಅದೂ ಬೇಡ. ಜನವರಿಯಲ್ಲಿ ಅಲ್ಲಿ ನೀರು ತೆಳ್ಳಗಿರುತ್ತದೆ. ತೋರಿಸುತ್ತೇನೆ ಅಂತ ಆಸೆ ಹಚ್ಚಿ ಬರೀ ಬಂಡೆ ತೋರಿಸಿದರೆ ನಿಮ್ಮ ಪ್ಲಾನ್ ಹೆಸರು ಕೆಡುತ್ತದೆ.

ಪುಟ್ಟಿಯಿಂದ ಏನು ಉತ್ತರ ಬರಬಹುದು? 'ನಿನ್ನ ದುಡ್ಡು ನಾನು ಹಾಕುತ್ತೇನೆ, ಆಮೇಲೆ ಕೊಡು' ಅನ್ನುವುದು ಹೆಚ್ಚು ನಿರೀಕ್ಷಿಸಬೇಕಾದದ್ದು. ಪತ್ರದಲ್ಲೇ ಅದಕ್ಕೆ ಒಂದು ಸಾಲು ಇಟ್ಟಿದ್ದೇನೆ, ಆದರೂ ಕೇಳುತ್ತಾಳೆ. ಆಗ ಮತ್ತೆ ಕಾರಣ ಹೇಳಲು ಹೋಗಬೇಡಿ. 'ನೀನು ಕೇಳಿದ್ದೇ ಖುಷಿ ಪುಟ್ಟಿ, ಆದರೆ ದುಡ್ಡಿನ ವಿಷಯ ನಮ್ಮಿಬ್ಬರ ಮಧ್ಯೆ ಬರುವುದು ನನಗೆ ಬೇಡ' ಅಂದು ಮಾತು ಬದಲಾಯಿಸಿ. 36 ಸಾವಿರ ಸಾಲ ಇಟ್ಟುಕೊಂಡು ಐದು ದಿನ ಅವಳ ಜೊತೆ ಒಂದೇ ರೂಮಿನಲ್ಲಿ ಇರುವುದು ಸುಲಭವಲ್ಲ. ಊಟಕ್ಕೆ ಏನು ಹೇಳಬೇಕು ಅನ್ನುವುದಕ್ಕೂ ಅವಳ ಮುಖ ನೋಡುವ ಹಾಗಾಗುತ್ತದೆ.

'ಸರಿ, ಅಂಡಮಾನ್ ಬೇಡ, ಗೋವಾ ಮಾಡೋಣ, 25 ಸಾವಿರದಲ್ಲಿ ಆಗುತ್ತದೆ' ಅಂತ ಅವಳು ಚೌಕಾಸಿಗೆ ಇಳಿಯಬಹುದು. ಪತ್ರದಲ್ಲಿ ಅಂಕಿ ಹಾಕಿದ್ದರ ಲಾಭ ಆಗ ಕಾಣುತ್ತದೆ. '12ರೊಳಗೆ ಯಾವ ಊರಾದರೂ ಸರಿ ಕಣೇ' ಅಂದರೆ ಮುಗಿಯಿತು. ಮುರುಡೇಶ್ವರವೇ ಆಗಬೇಕು ಅಂತ ಹಟ ಹಿಡಿಯಬೇಡಿ. ಗೋಕರ್ಣ ಅಂದರೂ ಹೂಂ ಅನ್ನಿ, ಮಲ್ಪೆ ಅಂದರೂ ಹೂಂ ಅನ್ನಿ.

ಎರಡು ದಿನ ಏನೂ ಉತ್ತರ ಬರದಿದ್ದರೂ ಗಾಬರಿಯಾಗಿ ಇನ್ನೊಂದು ಪತ್ರ ಬರೆಯಬೇಡಿ. ವಾರಗಟ್ಟಲೆ ಕೂತು ಹಾಕಿದ ಪ್ಲಾನ್ ಅದು, ಅವಳಿಗೂ ಸ್ವಲ್ಪ ಹೊತ್ತು ಬೇಕು. ಬುಧವಾರ ಅಂತ ನೀವೇ ಹೇಳಿದ್ದೀರಿ, ಅಲ್ಲಿಯವರೆಗೆ ಕಾಯಿರಿ. ಗುರುವಾರ ಬೆಳಗ್ಗೆ 'ಟಿಕೆಟ್ ನೋಡಲಾ?' ಅಂತ ಒಂದೇ ಸಾಲು ಕಳಿಸಿ. ರೈಲಿನ ಬುಕಿಂಗ್ ಪ್ರಯಾಣಕ್ಕೆ 60 ದಿನ ಮುಂಚೆ ತೆರೆಯುತ್ತದೆ. ತಾಳಗುಪ್ಪ ರೈಲಿಗೆ ವಾರದ ಕೊನೆಯ ದಿನಗಳಲ್ಲಿ ರಶ್ ಜಾಸ್ತಿ. ಅವಳು ಹೂಂ ಅಂದ ದಿನವೇ ಹೋಗುವ ಟಿಕೆಟ್, ಬರುವ ಟಿಕೆಟ್ ಎರಡನ್ನೂ ಮಾಡಿಸಿಬಿಡಿ, ರೂಮು ಆಮೇಲೆ ನೋಡಿದರೂ ನಡೆಯುತ್ತದೆ.